ಹೆದ್ದಾರಿಗೆ ಕೂಗಳತೆ

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ತುಳಜಪ್ಪನವರ ಪ್ರಿಂಟಿಂಗ್ ಪ್ರೆಸ್ ಇದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಅಕ್ಷರ ಜೋಡಿಸುವವನು ನಾನು, ದೇವಿದಾಸ. ಆ ಅಕ್ಷರಗಳನ್ನು ಬರೆದುಕೊಡುವವಳು ಮಂಗಲಾ. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಹಾಗಾಗಿ ನಾನು ಮಂಗಲಕ್ಕ ಅನ್ನುತ್ತೇನೆ. ಅವಳು ನನ್ನನ್ನು ದಾಸ ಅನ್ನುತ್ತಾಳೆ. ಪ್ರೆಸ್ಸಿನ ಮಾಲೀಕರು ತುಳಜಪ್ಪನವರಾದರೂ ಗಿರಾಕಿಗಳು ಬಾಗಿಲಲ್ಲಿ ಕೇಳುವುದು ಮಂಗಲಕ್ಕ ಬಂದಿದ್ದಾಳೋ ಇಲ್ಲವೋ ಎಂದೇ.

ಅವಳ ಕಸುಬು ಲಗ್ನಪತ್ರಿಕೆಯ ಒಕ್ಕಣೆ. ನಮ್ಮ ಕಡೆ ಅಂಗಡಿಯ ಬೋರ್ಡು ತೆಲುಗಿನಲ್ಲಿ, ವ್ಯವಹಾರದ ಮಾತು ಅರ್ಧ ಉರ್ದುವಿನಲ್ಲಿ, ಮಕ್ಕಳ ಶಾಲೆ ಇಂಗ್ಲಿಷಿನಲ್ಲಿ. ಮನೆಯೊಳಗೆ ಮಾತ್ರ ಕನ್ನಡ. ಆ ಕನ್ನಡ ಮನೆಯಿಂದ ಹೊರಗೆ ಬಂದು ಕಾಗದದ ಮೇಲೆ ಕಾಣುವುದು ಮದುವೆ ಬಂದಾಗ ಮತ್ತು ಮನೆಯಲ್ಲಿ ಯಾರಾದರೂ ತೀರಿಕೊಂಡಾಗ. ಎರಡಕ್ಕೂ ಮಂಗಲಕ್ಕನೇ ಬೇಕು. ಗಡಿಯ ಆಚೆ ಬೀದರ ಕಡೆಯ ಬೀಗರು ಓದಿ ತಲೆದೂಗುವ ಹಾಗೆ ಬರೆಯುತ್ತಾಳೆ ಎಂಬ ಹೆಸರಿದೆ. ಹೆಸರಿನ ಜೊತೆ ಸ್ವಲ್ಪ ಗರ್ವವೂ ಇದೆ. ಯಾರಾದರೂ ಅವಳ ಸಾಲಿನಲ್ಲಿ ಒಂದು ಪದ ಬದಲಾಯಿಸಿದರೆ ಆ ದಿನ ಪ್ರೆಸ್ಸಿನಲ್ಲಿ ಯಾರಿಗೂ ಚಹಾ ಸಿಗುವುದಿಲ್ಲ.

ಅವಳಿಗೆ ಒಂದೇ ಒಂದು ಆಸೆ ಇತ್ತು. ಅದನ್ನು ಬಚ್ಚಿಟ್ಟುಕೊಂಡವಳಲ್ಲ, ಎಷ್ಟೋ ಸಲ ನನ್ನ ಮುಂದೆ ಹೇಳಿದ್ದಾಳೆ. ಲಗ್ನಪತ್ರಿಕೆ ಮದುವೆ ಮುಗಿದ ಮೇಲೆ ಹಿಟ್ಟಿನ ಡಬ್ಬಿಯ ಮುಚ್ಚಳವಾಗುತ್ತದೆ. ತಾನು ಬರೆದ ಒಂದು ಕನ್ನಡ ಸಾಲು ಹೆದ್ದಾರಿಯ ಬದಿಯಲ್ಲಿ ಆಳೆತ್ತರದ ಅಕ್ಷರದಲ್ಲಿ ನಿಲ್ಲಬೇಕು, ಬಸ್ಸಿನವರು ಓದಬೇಕು. ಅಷ್ಟೇ. ಹೆದ್ದಾರಿಯ ಬದಿ ಸಿಮೆಂಟಿನ ಬೋರ್ಡು, ಬೀಜದ ಬೋರ್ಡು, ಕಾಲೇಜಿನ ಬೋರ್ಡು ಸಾಲುಗಟ್ಟಿ ನಿಂತಿದ್ದವು. ಕನ್ನಡದ್ದು ಒಂದೂ ಇರಲಿಲ್ಲ.

ಆ ಅವಕಾಶವನ್ನು ತಂದವರು ವೈಜಿನಾಥಪ್ಪ. ಊರಿನ ಹಳೆಯ ಬೇಳೆ ವ್ಯಾಪಾರಿ. ಗಡಿಯ ಕಡೆಗೆ, ಹೆದ್ದಾರಿಯಿಂದ ಒಳಗೆ ಹೋಗುವ ಹಳ್ಳಿಯ ರಸ್ತೆಯಲ್ಲಿ ಅವರ ತಾಯಿಯ ಕಾಲದ ಹೊಲ ಇತ್ತು. ಅದನ್ನು ಮನೆ ಪ್ಲಾಟುಗಳ ಬಡಾವಣೆ ಮಾಡಲು ಹೊರಟಿದ್ದರು. ಹೆಸರು ಗುರುಲಿಂಗಮ್ಮ ಬಡಾವಣೆ, ತಾಯಿಯದೇ ಹೆಸರು. ಕಾಗದಪತ್ರ ಎಲ್ಲ ನೋಡಿಕೊಳ್ಳುತ್ತಿದ್ದವನು ಮಗ ಸಂಜೀವಕುಮಾರ. ಅಪ್ಪ ದೊಡ್ಡ ದನಿಯವರು, ಮಠದ ಭಜನೆಯಲ್ಲಿ ಮುಂದೆ ಕೂತು ಹಾಡುವವರು. ಮಗ ಮೆಲುಮಾತಿನವನು, ಪೆನ್ನಿನ ಮುಚ್ಚಳ ತೆಗೆದುಕೊಂಡೇ ಪ್ರೆಸ್ಸಿನ ಒಳಗೆ ಬಂದ.

"ಮಂಗಲಾ ತಾಯಿ," ಅಂದರು ವೈಜಿನಾಥಪ್ಪ, "ನನ್ನ ಪ್ಲಾಟ್ ತಗೊಳ್ಳೋರು ಎಲ್ಲಾರೂ ನಮ್ಮ ಕಡೆ ಮಂದಿನೇ. ಗಡಿ ಹಳ್ಳ್ಯಾಗಿಂದ ಬರ್ತಾರ, ನಾರಾಯಣಖೇಡದಿಂದ ಬರ್ತಾರ, ತಾಂಡೂರಿಂದ ಬರ್ತಾರ. ತೆಲುಗು ಬೋರ್ಡ್ ಇರಲಿ. ಅದರ ಬಾಜೂಕ ಒಂದು ಕನ್ನಡ ಬೋರ್ಡ್ ಬೇಕು ನನಗ. ಓದಿದವ ಬಸ್ ಬಿಟ್ಟು ಇಳೀಬೇಕು, ಅಂಥಾ ಸಾಲು ಬರೀ."

ಮಂಗಲಕ್ಕ ಸೆರಗಿನಿಂದ ಮೇಜು ಒರೆಸಿದಳು. ಮೇಜು ಆಗಲೇ ಸ್ವಚ್ಛವಾಗಿತ್ತು.

ಸಂಜೀವಕುಮಾರ ಕುರ್ಚಿ ಎಳೆದುಕೊಂಡು ಕೂತು ತನ್ನ ಷರತ್ತು ಹೇಳಿದ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಪ್ಲಾಟು ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾದಲ್ಲಿ ನೋಂದಣಿಗೆ ಅರ್ಜಿ ಹಾಕಿದ್ದೇವೆ, ಸಂಖ್ಯೆ ಇನ್ನೂ ಬಂದಿಲ್ಲ. ಅದು ಬರುವ ತನಕ ಬೋರ್ಡು, ಕಾಗದ, ಮೊಬೈಲಿನ ಸ್ಟೇಟಸ್ಸು, ಯಾವುದೂ ಹೊರಗೆ ಹೋಗಕೂಡದು. ಬರೆದು ಸಿದ್ಧ ಇಟ್ಟುಕೊಳ್ಳಬಹುದು, ಅಷ್ಟೇ.

"ಅರ್ಜಿ ಹಾಕೀವಿ ಅಂತ ಬರದ್ರ ಆಗಲ್ಲೇನು?" ಅಂತ ತುಳಜಪ್ಪನವರು ಒಳಗಿನಿಂದ ಕೇಳಿದರು. ಅವರಿಗೆ ಬೋರ್ಡು ಬೇಗ ಅಚ್ಚಾಗಬೇಕಿತ್ತು.

"ಆಗಲ್ರಿ ಕಾಕಾ. ಅರ್ಜಿ ನಂಬರ್ ಬ್ಯಾರೆ, ನೋಂದಣಿ ನಂಬರ್ ಬ್ಯಾರೆ. ನೋಂದಣಿ ಮುಂಚೆ ಜಾಹೀರಾತು ಮಾಡಿದ್ರ ಪ್ರಾಜೆಕ್ಟ್ ಖರ್ಚಿನ ಹತ್ತನೇ ಪಾಲಿನ ತನಕ ದಂಡ ಹಾಕಬಹುದು. ಆಮ್ಯಾಲ ಬೋರ್ಡಿನ್ಯಾಗ ಆ ನಂಬರ್ ಇರಬೇಕು, ರೇರಾ ವೆಬ್‌ಸೈಟಿನ ವಿಳಾಸನೂ ಇರಬೇಕು. ಮೂಲ್ಯಾಗ ಇರುವಿಯಂಥಾ ಸಣ್ಣ ಅಕ್ಷರದಾಗ ಅಲ್ಲ, ಎದ್ದು ಕಾಣೂ ಹಂಗ."

ಅಷ್ಟರಲ್ಲಿ ನಾನು ಉತ್ಸಾಹದಿಂದ ಒಂದು ಮಾದರಿ ತೆರೆದಿದ್ದೆ. ಬೇರೆ ಊರಿನ ಬಡಾವಣೆಗೆ ಮಾಡಿದ್ದು. ನೀಲಿ ಈಜುಕೊಳ, ತೆಂಗಿನ ಮರ, ಬಿಳಿ ಅಂಗಿಯ ಸಂಸಾರ. ಅವನು ಪೆನ್ನಿನ ತುದಿಯಿಂದ ಪರದೆಯ ಮೇಲೆ ಒಂದೊಂದನ್ನೇ ತೋರಿಸಿದ. ಈಜುಕೊಳ ನಕ್ಷೆಯಲ್ಲಿ ಇಲ್ಲ, ತೆಗೆಯಿರಿ. ಉದ್ಯಾನ ನಕ್ಷೆಯಲ್ಲಿದೆ, ಆದರೆ ಇನ್ನೂ ಆಗಿಲ್ಲ, ಆಗಬೇಕಿದೆ ಅಂತ ಬರೆಯಿರಿ. "ಎರಡೇ ವರ್ಷದಲ್ಲಿ ದುಪ್ಪಟ್ಟು ಬೆಲೆ" ತೆಗೆಯಿರಿ, ಅದು ಯಾರ ಕೈಯಲ್ಲೂ ಇಲ್ಲ. "ರೇರಾ ಒಪ್ಪಿದ ಬಡಾವಣೆ" ಅನ್ನಬೇಡಿ. ರೇರಾದವರು ನೋಂದಾಯಿಸುತ್ತಾರೆ, ಚೆನ್ನಾಗಿದೆ ಅಂತ ಶಿಫಾರಸು ಕೊಡುವುದಿಲ್ಲ. ಕೊನೆಗೆ ನನ್ನ ಬೋರ್ಡಿನಲ್ಲಿ ಆಕಾಶವೊಂದೇ ಉಳಿಯಿತು. ನನಗೆ ಸಿಟ್ಟು ಬಂತು, ಆದರೆ ದುಡಿಯುವವನ ಸಿಟ್ಟು ಮೌಸಿನ ಮೇಲೆ ಎರಡು ಸಲ ಜೋರಾಗಿ ಒತ್ತಿದರೆ ಇಳಿಯುತ್ತದೆ.

ಮಂಗಲಕ್ಕನಿಗೆ ಮಾತ್ರ ಇದೆಲ್ಲ ಬಹಳ ಹಿಡಿಸಿತು. "ಖರೇ ಹೇಳ್ತಾನ ಹುಡುಗ," ಅಂದಳು ಅವರು ಹೋದ ಮೇಲೆ. "ಆ ಈಜುಕೊಳಕ್ಕ ಮಾತಿನ ಬಡವರು ಬೇಕು. ನನಗ ಬ್ಯಾಡ." ಉಳಿದವರ ಸುಳ್ಳು ಕಳಚಿ ಬಿದ್ದಷ್ಟೂ ತನ್ನ ಸಾಲಿಗೆ ಜಾಗ ಹೆಚ್ಚು ಎಂಬುದು ಅವಳ ಲೆಕ್ಕ.

ಒಂದು ವಾರ ಅವಳು ಲಗ್ನಪತ್ರಿಕೆಗಳನ್ನು ಅನ್ಯಮನಸ್ಕಳಾಗಿ ಬರೆದಳು. ಕಲ್ಯಾಣ ಮಂಟಪ ಎಲ್ಲಿದೆ ಅಂತ ಗಿರಾಕಿ ಹೇಳುವ ಮೊದಲೇ "ಬಸ್ ನಿಲ್ದಾಣದ ಹತ್ತಿರ" ಎಂದು ಬರೆದುಬಿಡುತ್ತಿದ್ದಳು. ಅದು ಅವಳ ಹಳೆಯ ರೂಢಿಯೂ ಹೌದು. ನಮ್ಮ ಪ್ರೆಸ್ಸಿನ ಪತ್ರಿಕೆಗಳನ್ನು ನಂಬುವುದಾದರೆ ಈ ಊರಿನ ಮಂಟಪಗಳೆಲ್ಲ ಬಸ್ ನಿಲ್ದಾಣವನ್ನು ಸುತ್ತುವರಿದು ನಿಂತಿವೆ.

ವಾರದ ಕೊನೆಗೆ ಸಾಲು ಬಂತು. ಕಾಗದವನ್ನು ನನ್ನ ಕೀಲಿಮಣೆಯ ಮೇಲೆ ಇಟ್ಟು, ಓದು ಅಂದಳು.

"ಹೆದ್ದಾರಿಗೆ ಕೂಗಳತೆ, ಮನಸ್ಸಿಗೆ ನೆರಳು."

ಸುಳ್ಳು ಹೇಳುವುದಿಲ್ಲ, ಓದಿ ನನಗೆ ಮೈ ಜುಮ್ಮೆಂದಿತು. ದಪ್ಪ ಅಕ್ಷರದಲ್ಲಿ ಜೋಡಿಸಿ, ಕೆಳಗೆ ಬಡಾವಣೆಯ ಹೆಸರು, ತಿರುವಿನ ಗುರುತು, ವೈಜಿನಾಥಪ್ಪನವರ ಫೋನ್ ನಂಬರು ಹಾಕಿ ಒಂದು ಮಾದರಿ ಹಾಳೆ ತೆಗೆದೆ. ವೈಜಿನಾಥಪ್ಪ ಬಂದು ನಿಂತೇ ಓದಿದರು, ಇನ್ನೊಮ್ಮೆ ಜೋರಾಗಿ ಓದಿದರು. "ನಮ್ಮವ್ವ ಹಿಂಗೇ ಮಾತಾಡ್ತಿದ್ದಳು," ಅಂದರು. ಕಣ್ಣು ಒರೆಸಿಕೊಂಡದ್ದನ್ನು ನಾವು ನೋಡಲಿಲ್ಲ ಅಂತ ತಿಳಿದುಕೊಂಡರು.

ಸಂಜೀವಕುಮಾರ ಹಾಳೆ ಕೈಗೆ ತೆಗೆದುಕೊಂಡು ಎರಡು ಸಲ ಓದಿದ. ಅವನಿಗೂ ಸಾಲು ಹಿಡಿಸಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಮಂಗಲಕ್ಕ, ಹೆದ್ದಾರಿಯಿಂದ ನಮ್ಮ ಗೇಟಿಗೆ ಮೂರು ಪಾಯಿಂಟ್ ನಾಕು ಕಿಲೋಮೀಟರ್ ಅದ. ಕೂಗಳತೆ ಹ್ಯಾಂಗ ಆಗ್ತದ?"

"ತಮ್ಮಾ, ಕೂಗಳತೆ ಅಂದ್ರ ಅದೇನು ಟೇಪ್ ಹಿಡಿದು ಅಳಿಯೋದಲ್ಲ. ಮಾತಿನ ಚಂದ ಅದು. ಸಮೀಪ ಅದ ಅಂತ ಅರ್ಥ."

"ಸಮೀಪ ಅಂತ ಓದೋರು ನಂಬ್ತಾರಲ್ಲ, ಅದೇ ತೊಂದ್ರಿ. ದೂರ ಹೇಳೋದಿದ್ರ ರಸ್ತಾದ ಮ್ಯಾಲ ಎಷ್ಟು ಕಿಲೋಮೀಟರ್ ಅದನೋ ಅಷ್ಟು ಹೇಳ್ರಿ ಅಂತ ನಿಯಮ ಅದ. ಇಷ್ಟು ನಿಮಿಷ ಅಂತನೂ ಬ್ಯಾಡ, ಪಕ್ಕ ಅಂತನೂ ಬ್ಯಾಡ."

"ನಿಮಿಷ ನಾ ಬರದಿಲ್ಲ. ಪಕ್ಕ ಅಂತನೂ ಬರದಿಲ್ಲ."

ವೈಜಿನಾಥಪ್ಪ ನಡುವೆ ಬಾಯಿ ಹಾಕಿದರು. ಇದಕ್ಕೆ ಇಷ್ಟು ಜಗಳ ಯಾಕೆ, ಕೂಗಿಯೇ ನೋಡೋಣ ಅಂದರು. ಅವರ ದನಿಯ ಮೇಲೆ ಅವರಿಗೆ ಅಂಥ ಭರವಸೆ. ಮರುದಿನ ಬೆಳಿಗ್ಗೆ ನಾವೆಲ್ಲ ಹೋದೆವು. ಅವರನ್ನು ಹೆದ್ದಾರಿಯ ತಿರುವಿನಲ್ಲಿ ಬಿಟ್ಟು, ಮಗ, ಮಂಗಲಕ್ಕ, ನಾನು ಬಡಾವಣೆಯ ಗೇಟಿನಲ್ಲಿ ನಿಂತೆವು. ಸಂಜೀವ ಫೋನು ಮಾಡಿ, ಕೂಗು ಅಪ್ಪಾ ಅಂದ. ಫೋನಿನಲ್ಲಿ ಅಂತೂ ಕೂಗು ಭರ್ಜರಿಯಾಗಿ ಕೇಳಿಸಿತು. ಫೋನು ಬಂದ್ ಮಾಡಿದ ಮೇಲೆ ಕಬ್ಬಿನ ಗರಿಯ ಸದ್ದು, ದೂರದಲ್ಲಿ ಒಂದು ಟ್ರ್ಯಾಕ್ಟರು, ಅಷ್ಟೇ. ಆಮೇಲೆ ವೈಜಿನಾಥಪ್ಪ ಆಟೋ ಹತ್ತಿ, ಅಲ್ಲಲ್ಲಿ ಇಳಿದು ಕೂಗುತ್ತ ಬಂದರು. ಗೇಟು ಕಣ್ಣಿಗೆ ಬಿದ್ದು, ನಾವು ಕೈ ಬೀಸಿದ ಮೇಲೆಯೇ ಅವರ ಕೂಗು ಕೇಳಿದ್ದು. ದನಿ ಒಡೆದಿತ್ತು. ಆ ವಾರ ಮಠದಲ್ಲಿ ಭಜನೆಗೆ ಬೇರೆಯವರು ಮುಂದೆ ಕೂತರಂತೆ.

ಅವರು ನಕ್ಕು ಸೋಲು ಒಪ್ಪಿಕೊಂಡರು. ಮಂಗಲಕ್ಕ ಒಪ್ಪಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಒಂದು ಉಪಾಯ ತೆಗೆದಳು. ಸಾಲು ಹಾಗೆಯೇ ಇರಲಿ. ಕೂಗಳತೆಯ ತಲೆಯ ಮೇಲೆ ಒಂದು ನಕ್ಷತ್ರದ ಚುಕ್ಕಿ ಹಾಕಿ, ಕೆಳಗೆ ಸಣ್ಣದಾಗಿ ಕಿಲೋಮೀಟರ್ ಬರೆದರಾಯಿತು.

"ದೊಡ್ಡ ಅಕ್ಷರದಾಗ ಹೇಳಿದ್ದನ್ನ ಸಣ್ಣ ಅಕ್ಷರದಾಗ ಅಲ್ಲಗಳೆಯೋ ಹಂಗಿಲ್ಲ ಅಕ್ಕ," ಅಂದ ಸಂಜೀವ. "ಸಣ್ಣ ಅಕ್ಷರ ಇರೋದು ಬಿಡಿಸಿ ಹೇಳಾಕ. ಆಮ್ಯಾಲ ಹೋಗೋ ಬಸ್ಸಿನ್ಯಾಗಿಂದ ಚುಕ್ಕಿ ಯಾರಿಗೆ ಕಾಣ್ತದ?"

"ಹಂಗಾದ್ರ ನೀನೇ ಬರಕೋ. ಕಿಲೋಮೀಟರ್ ಬರಿಯಾಕ ನಾ ಯಾಕ ಬೇಕು? ಮೈಲುಗಲ್ಲು ಬರಿಯಾಂವ ಬರೀತಾನ."

ಅವಳಿಗೆ ನೋವಾಗಿತ್ತು. ಇಷ್ಟು ವರ್ಷ ಕಾದು ಸಿಕ್ಕ ಒಂದು ಸಾಲು, ಅದೂ ಚೆನ್ನಾಗಿ ಬಂದದ್ದು. ನಾನು ಅವಳ ಪಕ್ಷವೇ. ಕಾನೂನು ಬರೆದವರಿಗೆ ಕನ್ನಡದ ಕೂಗು ಗೊತ್ತಿಲ್ಲ ಅಂತ ನಾನೂ ಗೊಣಗಿದೆ. ಮಾದರಿ ಹಾಳೆಯನ್ನು ಅವಳು ಹರಿಯಲಿಲ್ಲ, ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಳು.

ಗಾಜು ಅಂದ ಮೇಲೆ ಯಾರಿಗೆ ಬೇಕಾದರೂ ಕಾಣುತ್ತದೆ. ಎರಡು ದಿನದ ಮೇಲೆ ಅವಳ ಅಣ್ಣ ಭೀಮಾಶಂಕರನ ಹೆಂಡತಿ ಭೂದೇವಿ ಪ್ರೆಸ್ಸಿಗೆ ಬಂದಳು. ಅವರ ಊರು ಗಡಿಯ ಹತ್ತಿರ, ಹೆದ್ದಾರಿಯ ಮೇಲೆ. ಭೀಮಾಶಂಕರ ಮೊಣಕಾಲಿನ ಆಪರೇಷನ್ ಆದವನು. ಊರಿನ ಮನೆ ಏರಿನ ಮೇಲಿತ್ತು, ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ರಸ್ತೆಯ ಸಮೀಪ ಒಂದು ಪ್ಲಾಟು ಹಿಡಿದು ಸಣ್ಣ ಮನೆ ಕಟ್ಟಬೇಕು ಅಂತ ಗಂಡ ಹೆಂಡತಿ ಹುಡುಕುತ್ತಿದ್ದರು. ಭೂದೇವಿ ನಾದಿನಿಗೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು, ಗಾಜಿನ ಕೆಳಗಿನ ಹಾಳೆ ಓದಿ, "ಮಂಗಲಾ, ನೀನೇ ಬರದದ್ದೇನು?" ಅಂದಳು. ಮಂಗಲಕ್ಕ ಹೂಂ ಅಂದಳು. ಈ ಸಾಲು ಬೋರ್ಡಿಗೆ ಹೋಗುವುದಿಲ್ಲ, ದೂರ ಹೆಚ್ಚು, ಹೀಗೆ ಹೇಳಬಹುದಿತ್ತು. ಹೇಳಲಿಲ್ಲ. ಹೊಗಳಿಕೆಯ ಹೊತ್ತಿನಲ್ಲಿ ಕಿಲೋಮೀಟರ್ ಯಾರು ಎತ್ತುತ್ತಾರೆ?

ಭೂದೇವಿ ಮೊಬೈಲಿನಲ್ಲಿ ಹಾಳೆಯ ಚಿತ್ರ ತೆಗೆದುಕೊಂಡಳು. ನಾದಿನಿಯ ಸಾಲು ಅಂತ ಹೆಮ್ಮೆ. ಸಂಜೆಗೆ ಅದು ಅವರ ಬಳಗದ ಗುಂಪಿನಲ್ಲಿತ್ತು. ಮರುದಿನ ಬೆಳಿಗ್ಗೆ ವೈಜಿನಾಥಪ್ಪನವರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ಹೆದ್ದಾರಿಗೆ ಕೂಗಳತೆಯಂತೆ, ನಮಗೊಂದು ಪ್ಲಾಟು ಹಿಡಿದಿಡಿ, ಬಯಾನಾ ಅಂತ ಮುಂಗಡ ತಂದುಕೊಡುತ್ತೇವೆ.

ಸಂಜೀವಕುಮಾರ ಪ್ರೆಸ್ಸಿಗೆ ಬಂದಾಗ ಮುಖ ಬಿಳಿಚಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

"ನಂಬರ್ ಬಂದಿಲ್ಲಕ್ಕ. ಇದನ್ನ ಯಾರಾದರೂ ರೇರಾಕ್ಕ ಕಳಿಸಿದ್ರ ಅದು ನಮ್ಮ ಜಾಹೀರಾತೇ ಆಗ್ತದ. ನಾವು ಹಂಚಿಲ್ಲ ಅಂತ ಹೇಳಿದ್ರ ಯಾರು ಕೇಳ್ತಾರ? ಬಡಾವಣೆಗೆ ನಮ್ಮಜ್ಜಿ ಹೆಸರಿಟ್ಟೀವಿ. ನೋಟೀಸ್ ಬಂದ್ರ ಆ ಹೆಸರಿನ ಮ್ಯಾಲೇ ಬರ್ತದ."

ಅವನು ಅಲ್ಲೇ ಕೂತು ಫೋನು ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ತಿರುಗಿ ಫೋನು ಮಾಡಿದ. ನೋಂದಣಿ ಆಗಿಲ್ಲ, ಬಯಾನಾ ತೆಗೆದುಕೊಳ್ಳುವುದಿಲ್ಲ, ಪ್ಲಾಟು ಹಿಡಿದಿಡುವುದೂ ಇಲ್ಲ, ಹೆದ್ದಾರಿಯಿಂದ ದೂರ ಇಷ್ಟಿದೆ, ದಯಮಾಡಿ ಆ ಚಿತ್ರ ಅಳಿಸಿಬಿಡಿ. ಮಂಗಲಕ್ಕ ಭೂದೇವಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಊಟದ ಹೊತ್ತು ಮೀರಿದ ಮೇಲೆ ಅತ್ತ ಕಡೆಯಿಂದ ಫೋನು ಬಂತು. ಮಂಗಲಕ್ಕನಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವವಳು. ನಾವೆಲ್ಲ ಕೇಳಿದೆವು.

"ವೈನಿ, ಎಲ್ಲಿದ್ದಿ? ಫೋನ್ ಯಾಕ ಎತ್ತವಲ್ಲಿ?"

"ನಿನ್ನ ಬಡಾವಣೆ ಗೇಟಿನ್ಯಾಗ ಕುಂತೀವಿ ಮಂಗಲಾ. ಕೈಯಾಗ ಚೀಲ ಇತ್ತು, ಒಂದು ಕೈಲೆ ನಿಮ್ಮಣ್ಣನ್ನ ಹಿಡಕೊಂಡಿದ್ದೆ. ಹ್ಯಾಂಗ ಎತ್ತಲಿ?"

"ಅಣ್ಣನೂ ಬಂದಾನ? ಹ್ಯಾಂಗ ಬಂದ್ರಿ?"

"ತಿರುವಿನ್ಯಾಗ ಬಸ್ ಇಳದು ನಡದ್ವಿ. ಆಟೋ ಒಂದು ನಿಂತಿತ್ತು. ನಿಮ್ಮಣ್ಣನೇ ಬ್ಯಾಡ ಅಂದ್ರು. ಮಂಗಲಾ ಕೂಗಳತೆ ಅಂತ ಬರದಾಳ, ಅಷ್ಟಕ್ಕ ಆಟೋ ಯಾಕ ಅಂತ. ಮುಂದ ಹೋದಂಗ ರಸ್ತಾ ಮುಗಿಯೋದೇ ಇಲ್ಲ, ನೆರಳಿಲ್ಲ, ಹಿಂದ ಹೋಗಾಕೂ ಆಗಲ್ಲ. ಮಣಕಾಲು ಬಾತಾದ. ಇರಲಿ, ಕುಂತಾರ ಈಗ."

ಭೂದೇವಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. ದಾರಿ ತಪ್ಪಿದವರು ತಾವೇ ಏನೋ ಎಂಬಂತೆ ಕೇಳಿದಳು: "ನಾವು ಬ್ಯಾರೆ ತಿರುವಿನ್ಯಾಗ ಇಳದ್ವೇನು ಮಂಗಲಾ? ಕೂಗಳತೇದು ಇನ್ನೊಂದು ರಸ್ತಾ ಅದನೇನು?"

ಸಂಜೀವ ಆಗಲೇ ಕಾರಿನ ಕೀಲಿ ಹಿಡಿದು ಎದ್ದಿದ್ದ. ಮಂಗಲಕ್ಕನೂ ಅವನ ಹಿಂದೆ ಹೋದಳು, ಚಪ್ಪಲಿ ಮೆಟ್ಟುವುದನ್ನು ಮರೆತು.

ಅಣ್ಣನನ್ನು ಆಸ್ಪತ್ರೆಯಲ್ಲಿ ತೋರಿಸಿ, ಪಟ್ಟಿ ಕಟ್ಟಿಸಿ, ಊರಿಗೆ ಮುಟ್ಟಿಸಿ ಬಂದರು. ದಾರಿಯುದ್ದಕ್ಕೂ ಭೀಮಾಶಂಕರ ಕಬ್ಬು ಚೆನ್ನಾಗಿ ಬಂದಿದೆ, ಗಾಳಿ ಚೆನ್ನಾಗಿದೆ, ಜಾಗವೇನೂ ಕೆಟ್ಟದ್ದಲ್ಲ ಅಂತ ಮಾತಾಡಿದನಂತೆ. ತಂಗಿಗೆ ಒಂದು ಮಾತು ಅನ್ನಲಿಲ್ಲವಂತೆ. ಇದನ್ನು ನನಗೆ ಹೇಳುವಾಗ ಮಂಗಲಕ್ಕ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಮಾತಿನ ಚಂದ ಅಂದೆ ನಾ. ಅವ ಅದನ್ನ ನಂಬಿ ನಡದ, ದಾಸ. ಆ ಸಾಲು ಬ್ಯಾರೆಯವರು ಬರದಿದ್ರ ಅಂವ ಆಟೋ ಹತ್ತತಿದ್ದ."

ಗಾಜು ಎತ್ತಿ ಹಾಳೆ ತೆಗೆದಳು. ಕರಡು ತಿದ್ದುವ ಕೆಂಪು ಪೆನ್ನು ಕೇಳಿದಳು. ತನ್ನ ಸಾಲಿನ ಮೇಲೆ ತಾನೇ ಅಡ್ಡಗೆರೆ ಎಳೆದು, ಕೆಳಗೆ ಹೊಸದಾಗಿ ಬರೆದಳು. ನನಗೆ ಆ ಸಾಲು ಹೋದದ್ದು ಇವತ್ತಿಗೂ ಬೇಸರವೇ. ಚಂದದ್ದು ಸತ್ತರೆ ಬೇಸರವಾಗಬೇಕು, ತಪ್ಪಿನದಾದರೂ.

ಯಾರೂ ದೂರು ಕೊಡಲಿಲ್ಲ, ನೋಟೀಸೂ ಬರಲಿಲ್ಲ. ಕೆಲವು ವಾರಗಳ ಮೇಲೆ ನೋಂದಣಿ ಸಂಖ್ಯೆ ಬಂತು. ಸಂಜೀವಕುಮಾರ ಅದನ್ನು ಕಾಗದದಲ್ಲಿ ಬರೆದು ತರಲಿಲ್ಲ, ಒಂದು ಅಂಕಿ ತಪ್ಪಬಾರದೆಂದು ಪ್ರಮಾಣಪತ್ರವನ್ನೇ ಕಳಿಸಿದ. ನಾನು ಜೋಡಿಸಿದೆ, ಅವನು ಓದಿದ, ಮಂಗಲಕ್ಕ ಬೆರಳಿಟ್ಟು ಒಂದೊಂದೇ ಅಂಕಿ ತಾಳೆ ನೋಡಿದಳು. ಹೆದ್ದಾರಿಯ ತಿರುವಿನಲ್ಲಿ ತೆಲುಗು ಬೋರ್ಡಿನ ಪಕ್ಕದಲ್ಲಿ ಕನ್ನಡದ ಬೋರ್ಡು ನಿಂತಿತು, ಆಳೆತ್ತರದ ಅಕ್ಷರದಲ್ಲಿ:

ಗುರುಲಿಂಗಮ್ಮ ಬಡಾವಣೆ. ಮನೆ ನಿವೇಶನಗಳು.
ಈ ತಿರುವಿನಿಂದ ರಸ್ತೆ ಮಾರ್ಗ 3.4 ಕಿಲೋಮೀಟರ್.
ಉದ್ಯಾನ ಇನ್ನೂ ಆಗಬೇಕಿದೆ.
ದೂರ ತಿಳಿದು ಬನ್ನಿ. ನೋಡಿ, ಆಮೇಲೆ ಮಾತಾಡಿ.

ಅದರ ಕೆಳಗೆ, ಅಷ್ಟೇ ಸ್ಪಷ್ಟವಾಗಿ, ನೋಂದಣಿ ಸಂಖ್ಯೆ, ರೇರಾ ವೆಬ್‌ಸೈಟಿನ ವಿಳಾಸ, ನಕ್ಷೆಯ ಒಪ್ಪಿಗೆಯ ಸಂಖ್ಯೆ. ಚಿತ್ರ ಅಂತ ಇದ್ದದ್ದು ಆ ಹೊಲದ ಫೋಟೋ, ಕಬ್ಬಿನ ಬದು, ಹೊಸದಾಗಿ ಹಾಕಿದ ಮಣ್ಣಿನ ರಸ್ತೆ. ನಾನೇ ಹೋಗಿ ತೆಗೆದದ್ದು.

ಬೋರ್ಡು ನಿಲ್ಲಿಸಿದ ದಿನ ಮಂಗಲಕ್ಕ ನೋಡಲು ಹೋಗಲಿಲ್ಲ. ವೈಜಿನಾಥಪ್ಪ ಕಾರು ಕಳಿಸಿದರೂ ಬರುವುದಿಲ್ಲ ಅಂದಳು. ಲಗ್ನದ ಹಂಗಾಮು, ಕೆಲಸ ಬಹಳ ಅಂದಳು. ಅದು ಸುಳ್ಳು. ಅಂಥ ಒಣ ಸಾಲನ್ನು ತನ್ನದು ಅಂತ ಹೋಗಿ ನೋಡಲು ನಾಚಿಕೆ ಅಂತ ಆಮೇಲೆ ನನ್ನ ಮುಂದೆ ಒಪ್ಪಿಕೊಂಡಳು.

ಮುಂದಿನ ವಾರ ಅಣ್ಣನ ಫೋನು ಬಂತು. ಕಾಲು ತೋರಿಸಲು ಭೂದೇವಿಯ ಜೊತೆ ಬಸ್ಸಿನಲ್ಲಿ ಜಹೀರಾಬಾದಿಗೆ ಬರುತ್ತಿದ್ದ. ಸ್ಪೀಕರಿನಲ್ಲಿ ಬಸ್ಸಿನ ಗದ್ದಲವೆಲ್ಲ ಪ್ರೆಸ್ಸಿನ ಒಳಗೆ ಬಂತು.

"ಮಂಗಲಾ, ನಿನ್ನ ಬೋರ್ಡ್ ಬಂತು ನೋಡು. ಡ್ರೈವರ್‌ಗ ನಿಧಾನ ಮಾಡಾಕ ಹೇಳಿದೆ. ಜೋರಾಗಿ ಓದಿದೆ, ಬಸ್ಸಿನ್ಯಾಗಿನ ಮಂದಿ ಎಲ್ಲಾ ಕೇಳ್ಯಾರ."

ಮಂಗಲಕ್ಕ ಪೆನ್ನು ಕೆಳಗಿಟ್ಟಳು.

"ಬರೋಬ್ಬರಿ ಬರದೀ ಈ ಸಲ," ಅಂದ ಭೀಮಾಶಂಕರ. "ಮೂರು ಪಾಯಿಂಟ್ ನಾಕು. ಬ್ಯಾರೆ ಯಾರನ್ನೂ ಕೇಳಬ್ಯಾಡ, ನನ್ನ ಮಣಕಾಲು ಹೇಳ್ತದ. ಇಲ್ಲಿ ಒಬ್ಬ ಮುದುಕ ಪ್ಲಾಟ್ ನೋಡಾಕ ಇಳೀಬೇಕು ಅಂತ ಎದ್ದಿದ್ದ. ಓದಿದ್ದು ಕೇಳಿ ಮತ್ತ ಕುಂತಾನ. ಜಹೀರಾಬಾದಿಗೆ ಹೋಗಿ ಆಟೋ ಮಾಡ್ಕೊಂಡು ಬರ್ತೀನಿ ಅಂತಾನ."

ಮಂಗಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ, ಎರಡೂ ಇರಬೇಕು. ಎದುರಿಗೆ ಲಗ್ನಪತ್ರಿಕೆಗೆ ಬಂದ ಗಿರಾಕಿಯೊಬ್ಬ ಬಹಳ ಹೊತ್ತಿನಿಂದ ಕಾದಿದ್ದ. ಮಂಟಪದ ಹೆಸರು ಬರೆಸಿ, ಬಸ್ ನಿಲ್ದಾಣದ ಹತ್ತಿರ ಅಂತ ಹಾಕಿಬಿಡ್ರಿ ಅಕ್ಕಾ, ನಿಮಗ ಗೊತ್ತೇ ಅದ, ಅಂದ.

ಅವಳು ಪೆನ್ನು ತೆಗೆದುಕೊಂಡು, ಎಷ್ಟು ದೂರ ಅದ ಅಂತ ಕೇಳಿದಳು.